ಕೂಸಿನ ತೊಡೆ ಎಲುಬು ಅಳೆದು ವಯಸ್ಸು ಹೇಳುವುದು ಹೇಗೆ: ಎರಿ ಹೊಲದ ಒಂದು ಕೇಸಿನ ಜೊತೆ ಪೂರ್ತಿ ಮಾರ್ಗದರ್ಶಿ

ವಿಜಯಪುರ ಜಿಲ್ಲೆಯ ಒಂದು ಎರಿ ಹೊಲ. ಬದು ಹಾಕಿಸಲು ಜೆಸಿಬಿ ಕರೆಸಿದ್ದರು. ಎರಡಡಿ ತೋಡುವಷ್ಟರಲ್ಲಿ ಹಳೇ ಸೀರೆಯ ತುಂಡು ಕಂಡಿತು, ಅದರೊಳಗೆ ಸಣ್ಣ ಸಣ್ಣ ಎಲುಬು. ಪೊಲೀಸರು ಬಂದರು, ಪಂಚನಾಮೆ ಆಯಿತು, ಮೂರನೇ ದಿನ ಒಂದು ರಟ್ಟಿನ ಡಬ್ಬಿ ನನ್ನ ಮೇಜಿನ ಮೇಲೆ ಬಂತು. ಜೊತೆಗಿದ್ದ ಪತ್ರದಲ್ಲಿ ನಾಲ್ಕು ಪ್ರಶ್ನೆ, ಇಲ್ಲಿ ನಮಗೆ ಬೇಕಾದವು ಮೊದಲ ಎರಡು. ಮೊದಲನೆಯದು: ಇದು ಮನುಷ್ಯರದ್ದಾ? ಎರಡನೆಯದು: ವಯಸ್ಸು ಎಷ್ಟು? ಊರು, ದಿನ ಗುರುತು ಸಿಗಬಾರದೆಂದು ಬಿಟ್ಟಿದ್ದೇನೆ. ಅಳತೆಗಳನ್ನು ಮಾತ್ರ ಒಂದೊಂದಾಗಿ ತೋರಿಸುತ್ತೇನೆ, ಏಕೆಂದರೆ ಈ ಕೆಲಸ ಕಲಿಯುವುದು ಅಳತೆಯಿಂದಲೇ.

ಈ ಬರಹ ಹುಟ್ಟಿನ ಆಸುಪಾಸಿನ ಕೂಸುಗಳ ಬಗ್ಗೆ. ಅಂದರೆ ಗರ್ಭದ ಕೊನೆಯ ಮೂರು ತಿಂಗಳಿಂದ ಹುಟ್ಟಿದ ಮೇಲಿನ ಕೆಲವು ವಾರಗಳವರೆಗೆ. ನಮ್ಮ ಕಡೆ ಬರುವ ಕೇಸುಗಳಲ್ಲಿ ತಪ್ಪು ಆಗುವುದೂ, ತಪ್ಪಿನಿಂದ ಒಬ್ಬ ಹೆಣ್ಣುಮಗಳ ಬದುಕು ಕೆಡುವುದೂ ಇದೇ ಜಾಗದಲ್ಲಿ. ನಮ್ಮ ಕಡೆ ಕೂಸು ತೀರಿಕೊಂಡರೆ ಸುಡುವುದಿಲ್ಲ, ಹೂಳುತ್ತಾರೆ. ಎಷ್ಟೋ ಸಲ ಸ್ಮಶಾನದಲ್ಲಲ್ಲ, ಸ್ವಂತ ಹೊಲದ ಬದುವಿನಲ್ಲೋ ಹಳ್ಳದ ದಂಡೆಯಲ್ಲೋ. ಆದ್ದರಿಂದ ಹೊಲದಲ್ಲಿ ಕೂಸಿನ ಎಲುಬು ಸಿಕ್ಕಿತು ಅಂದ ಕೂಡಲೇ ಅದು ಅಪರಾಧ ಆಗುವುದಿಲ್ಲ. ಇದನ್ನು ಮೊದಲ ದಿನವೇ ತನಿಖೆ ಮಾಡುವವರಿಗೆ ಹೇಳಬೇಕು.

ಮಣ್ಣಿನಿಂದ ತೆಗೆಯುವುದು

ಎರಿ ಮಣ್ಣು ಒಣಗಿದರೆ ಕಲ್ಲು, ಹಸಿಯಾದರೆ ಅಂಟು. ಒಣಗಿದ ಹೆಂಟೆಯಿಂದ ಕೂಸಿನ ಎಲುಬು ಕೀಳಲು ಹೋದರೆ ತುದಿ ಹೆಂಟೆಯಲ್ಲೇ ಉಳಿಯುತ್ತದೆ, ನಡುವಿನ ಕೋಲು ಕೈಗೆ ಬರುತ್ತದೆ. ಆಮೇಲೆ ಉದ್ದ ಅಳೆದು ಪ್ರಯೋಜನವಿಲ್ಲ. ಅದಕ್ಕೇ ಜಾಗದಲ್ಲಿ ಎಲುಬು ಬಿಡಿಸಬೇಡಿ. ಸುತ್ತಲಿನ ಮಣ್ಣಿನ ಸಮೇತ ಹೆಂಟೆಯನ್ನೇ ಎತ್ತಿ, ಹತ್ತಿ ಇಟ್ಟು, ಡಬ್ಬಿಯಲ್ಲಿ ತನ್ನಿ. ಮೇಜಿನ ಮೇಲೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ, ಮಣ್ಣು ಮೆದುವಾದ ಮೇಲೆ ಬಿದಿರು ಕಡ್ಡಿಯಿಂದ ಬಿಡಿಸಿ. ಲೋಹದ ಸೂಜಿ, ಚಾಕು ಬೇಡ. ಕುದಿಸುವುದು, ಬ್ಲೀಚಿಂಗ್ ಹಾಕುವುದು, ಬಿಸಿಲಿಗೆ ಇಡುವುದು ಯಾವುದೂ ಬೇಡ. ನೆರಳಲ್ಲಿ ಒಣಗಲಿ.

ಉಳಿದ ಮಣ್ಣನ್ನು ಚೆಲ್ಲಬೇಡಿ. ಮೊದಲು 2 ಮಿ.ಮೀ. ಜರಡಿ, ಆಮೇಲೆ 1 ಮಿ.ಮೀ. ಜರಡಿ. ವಯಸ್ಸಿಗೆ ಸಾಕ್ಷಿ ಹೇಳುವ ಎರಡು ಸಣ್ಣ ವಸ್ತುಗಳು ಈ ಜರಡಿಯಲ್ಲೇ ಸಿಗುತ್ತವೆ. ಅವು ಏನೆಂದು ಮುಂದೆ ಹೇಳುತ್ತೇನೆ.

ಖಾನಾಪುರ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣಿನ ಕಥೆ ಬೇರೆ. ಅದರಲ್ಲಿ ಹುಳಿ ಜಾಸ್ತಿ, ಎಲುಬನ್ನು ತಿಂದುಬಿಡುತ್ತದೆ. ಅಲ್ಲಿ ಎಲುಬಿನ ತುದಿಗಳು ಸವೆದಿವೆಯೇ ಅಂತ ಎರಡು ಸಲ ನೋಡಿ.

ಮನುಷ್ಯರದ್ದೇ?

ಡಬ್ಬಿ ತಂದ ಕಾನ್‌ಸ್ಟೇಬಲ್ ಹೇಳಿದ, "ಸರ್, ಇದು ಆಡಿನ ಮರಿದ ಇರ್ಬೇಕ್ರಿ." ಅವನ ಅನುಮಾನ ಸುಮ್ನೆ ಅಲ್ಲ. ಆಡಿನ ಮರಿ, ಕೋಳಿ, ನಾಯಿ ಮರಿ ಎಲ್ಲವೂ ಇದೇ ಗಾತ್ರದ ಎಲುಬು ಬಿಟ್ಟು ಹೋಗುತ್ತವೆ. ಆದರೆ ನೋಡುವ ಜಾಗ ಗೊತ್ತಿದ್ದರೆ ಗೊಂದಲ ಇಲ್ಲ. ಆಡಿನ ಮರಿ ಹುಟ್ಟಿದ ದಿನವೇ ಎದ್ದು ನಿಲ್ಲುತ್ತದೆ, ಅಲ್ವಾ? ಹಾಗಾಗಿ ಅದರ ಎಲುಬಿನ ತುದಿಗಳು ಹುಟ್ಟುವಾಗಲೇ ಗಟ್ಟಿಯಾಗಿ, ಕೀಲಿನ ಆಕಾರ ಪಡೆದಿರುತ್ತವೆ. ಮನುಷ್ಯರ ಕೂಸು ನಿಲ್ಲಲು ವರ್ಷ ಬೇಕು. ಅದರ ಉದ್ದ ಎಲುಬುಗಳ ಎರಡೂ ತುದಿ ಹುಟ್ಟುವಾಗ ಮೆದು ಎಲುಬೇ. ಅದು ಮಣ್ಣಲ್ಲಿ ಕೊಳೆತು ಹೋಗುತ್ತದೆ. ಉಳಿಯುವುದು ನಡುವಿನ ಕೋಲು ಮಾತ್ರ, ಎರಡೂ ಕಡೆ ಕಹಳೆಯ ಬಾಯಿಯಂತೆ ಅಗಲವಾಗಿ, ತುದಿ ಒರಟಾಗಿ. ಕೋಳಿಯ ಎಲುಬು ನುಣುಪು, ಹೊಳಪು, ಒಳಗೆ ಟೊಳ್ಳು, ಗೋಡೆ ತೆಳು.

ಈ ನಡುವಿನ ಕೋಲಿಗೆ ಡಯಾಫಿಸಿಸ್ ಅನ್ನುತ್ತೇವೆ. ಮುಂದೆ ನಾನು ಉದ್ದ ಅಂದಾಗಲೆಲ್ಲ ಇದರ ಉದ್ದವೇ. ದೊಡ್ಡವರ ಎಲುಬಿನಲ್ಲಿ ತುದಿಗಳೂ ಸೇರಿರುತ್ತವೆ, ಆ ಸೂತ್ರಗಳನ್ನು ಇಲ್ಲಿ ತರಬೇಡಿ.

ಯಾವ ಎಲುಬು, ಯಾವ ಕಡೆಯದು

ಐದು ಎಲುಬು ಗುರುತಿಸಲು ಬಂದರೆ ಸಾಕು. ಎಲ್ಲಕ್ಕಿಂತ ಉದ್ದದ್ದು ತೊಡೆಯ ಫೀಮರ್. ಅದರ ಮೇಲಿನ ತುದಿ ಒಳಬದಿಗೆ ಚಾಚಿರುತ್ತದೆ, ಕೆಳ ತುದಿ ಅಗಲ, ಹಿಂಬದಿ ಚಪ್ಪಟೆ. ಕಾಲಿನ ಟಿಬಿಯಾ ಮೂರು ಅಂಚಿನದು, ಹಿಂಬದಿಯ ಮೇಲ್ಭಾಗದಲ್ಲಿ ರಕ್ತನಾಳ ಹೋಗುವ ರಂಧ್ರ ಎದ್ದು ಕಾಣುತ್ತದೆ. ತೋಳಿನ ಹ್ಯೂಮರಸ್ ಕೆಳಗೆ ಚಪ್ಪಟೆ, ಹಿಂದೆ ಒಂದು ತಗ್ಗು. ಮುಂಗೈಯಲ್ಲಿ ಎರಡು: ಮೇಲ್ಭಾಗದಲ್ಲಿ ಕಚ್ಚು ಇದ್ದದ್ದು ಅಲ್ನಾ, ಕತ್ತಿನ ಕೆಳಗೆ ಗುಬುಟು ಇದ್ದದ್ದು ರೇಡಿಯಸ್.

ಎಡ ಬಲ ಬೇರೆ ಮಾಡಿ ಜೋಡಿಸಿ. ಒಂದೇ ಕಡೆಯ ಎರಡು ಫೀಮರ್ ಸಿಕ್ಕರೆ ಅಲ್ಲಿ ಎರಡು ಕೂಸುಗಳಿವೆ. ಅವಳಿ ಆಗಿರಬಹುದು, ಬೇರೆ ಬೇರೆ ಕಾಲದ ಗುಂಡಿಗಳೂ ಆಗಿರಬಹುದು. ನಮ್ಮ ಡಬ್ಬಿಯಲ್ಲಿ ಎಲ್ಲವೂ ಒಂದೇ ಜೋಡಿ ಇತ್ತು, ಗಾತ್ರವೂ ಹೊಂದುತ್ತಿತ್ತು.

ಹೆಣ್ಣೋ ಗಂಡೋ ಅಂತ ಈ ವಯಸ್ಸಿನ ಎಲುಬು ನೋಡಿ ಹೇಳಲು ಹೋಗಬೇಡಿ. ಅದು ಡಿಎನ್‌ಎ ಕೆಲಸ. ಆದರೆ ಡಿಎನ್‌ಎಗೆ ಎಲುಬು ಕತ್ತರಿಸುವ ಮೊದಲು ಅಳತೆ, ಫೋಟೊ, ಎಕ್ಸ್‌ರೇ ಮುಗಿದಿರಬೇಕು. ಕತ್ತರಿಸಿದ ಫೀಮರ್ ಅಳೆದುಕೊಡಿ ಅಂತ ನನಗೆ ಒಮ್ಮೆ ಬಂದಿತ್ತು. ಎರಡು ತುಂಡು ಜೋಡಿಸಿದರೂ ಗರಗಸ ತಿಂದ ಮಿಲಿಮೀಟರ್ ವಾಪಸ್ ಬರುವುದಿಲ್ಲ.

ಅಳೆಯುವುದು

ಬೇಕಾದದ್ದು ಒಂದು ವರ್ನಿಯರ್ ಕ್ಯಾಲಿಪರ್. ಡಿಜಿಟಲ್ ಇದ್ದರೆ ಒಳ್ಳೆಯದು. ಬಾಯಿ ಮುಚ್ಚಿ ಸೊನ್ನೆ ತೋರಿಸುತ್ತದೆಯೇ ನೋಡಿ. ಎಲುಬನ್ನು ಮೆತ್ತನೆ ಬಟ್ಟೆಯ ಮೇಲೆ ಇಟ್ಟು, ಕ್ಯಾಲಿಪರ್‌ನ ದವಡೆಗಳ ಅಗಲವಾದ ಭಾಗ ತಾಗುವಂತೆ ಹಿಡಿಯಿರಿ, ಚೂಪು ತುದಿಯಿಂದಲ್ಲ. ಎಲುಬನ್ನು ಸ್ವಲ್ಪ ಆಚೀಚೆ ಹೊರಳಿಸಿ, ಬರುವ ಅತಿ ದೊಡ್ಡ ಅಳತೆಯನ್ನು ಬರೆದುಕೊಳ್ಳಿ. ಒತ್ತಬೇಡಿ. ಒಣಗಿದ ಕೂಸಿನ ಎಲುಬಿನ ತುದಿ ರವೆ ಉಂಡೆಯ ಅಂಚಿನ ಹಾಗೆ, ಸ್ವಲ್ಪ ಬಿಗಿ ಹಿಡಿದರೆ ಉದುರುತ್ತದೆ. ಉದುರಿತೋ, ನೀವೇ ಕೂಸಿನ ವಯಸ್ಸು ಎರಡು ಮೂರು ದಿನ ಕಡಿಮೆ ಮಾಡಿದಿರಿ ಅಂತ ಅರ್ಥ.

ಒಮ್ಮೆ ಅಳೆದು ಕೈ ಬಿಡಿ. ಬೇರೆ ಎಲುಬು ಅಳೆದು, ಮತ್ತೆ ಇದಕ್ಕೆ ಬನ್ನಿ. ಹೀಗೆ ಮೂರು ಸಲ. ನಮ್ಮ ಎಡ ಫೀಮರ್ 73.1, 72.9, 73.0 ಮಿ.ಮೀ. ಬಂತು, ಸರಾಸರಿ 73.0. ಮೂರು ಅಳತೆಗಳ ನಡುವೆ ಅರ್ಧ ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ನೀವು ಹಿಡಿಯುವ ರೀತಿ ಬದಲಾಗುತ್ತಿದೆ, ಮತ್ತೆ ಮೊದಲಿಂದ ಅಳೆಯಿರಿ. ಆಮೇಲೆ ಇನ್ನೊಬ್ಬರ ಕೈಲಿ, ನಿಮ್ಮ ಅಂಕಿ ತೋರಿಸದೆ, ಅಳೆಸಿ.

ಬಲ ಫೀಮರ್‌ನ ಕೆಳ ಅಂಚು ಜೆಸಿಬಿ ಹಲ್ಲಿಗೆ ಸಿಕ್ಕು ಮುರಿದಿತ್ತು. ಅದು 70.4 ಬಂತು. ಮುರಿದ ಅಂಚು ಹೊಸದೇ ಹಳೆಯದೇ ಅಂತ ಬಣ್ಣದಿಂದ ಗೊತ್ತಾಗುತ್ತದೆ. ಹೊಸ ಮುರಿತ ಬೆಳ್ಳಗೆ, ಹಳೆಯದು ಮಣ್ಣಿನ ಬಣ್ಣ. ಇಂಥ ಎಲುಬಿಗೆ "ಕನಿಷ್ಠ 70.4" ಅಂತ ಬರೆಯಿರಿ. ಹೋದ ಭಾಗ ಇಷ್ಟಿರಬಹುದು ಅಂತ ಕೂಡಿಸಬೇಡಿ.

ಇನ್ನೊಂದು ಮಾತು. ಈ ಹಂತ ಮುಗಿಯುವವರೆಗೆ ತನಿಖಾಧಿಕಾರಿ ಯಾರ ಮೇಲೆ ಅನುಮಾನ ಪಟ್ಟಿದ್ದಾರೆ, ಆ ಹೆಣ್ಣುಮಗಳಿಗೆ ಎಷ್ಟು ತಿಂಗಳಾಗಿತ್ತು, ತಾಯಿ ಕಾರ್ಡಿನಲ್ಲಿ ಏನಿದೆ, ಯಾವುದನ್ನೂ ಕೇಳಬೇಡಿ. ಅವರಾಗಿ ಹೇಳಲು ಬಂದರೂ ಆಮೇಲೆ ಅನ್ನಿ. ಕಿವಿಗೆ ಬಿದ್ದ ತಿಂಗಳು ಕ್ಯಾಲಿಪರ್ ಹಿಡಿದ ಕೈಯನ್ನು ಎಳೆಯುತ್ತದೆ. ನಾವು ಪ್ರಾಮಾಣಿಕರಿದ್ದರೂ ಎಳೆಯುತ್ತದೆ.

ಲೆಕ್ಕ

1980ರಲ್ಲಿ ಶೋಯರ್, ಮಸ್‌ಗ್ರೇವ್ ಮತ್ತು ಇವಾನ್ಸ್ ಎಂಬ ಬ್ರಿಟನ್ನಿನ ಸಂಶೋಧಕರು ಗರ್ಭದ ಕೊನೆಯ ತಿಂಗಳುಗಳ ಮತ್ತು ಹುಟ್ಟಿನ ಹೊತ್ತಿನ ಕೂಸುಗಳ ಎಕ್ಸ್‌ರೇಗಳಿಂದ ಸೂತ್ರಗಳನ್ನು ಮಾಡಿದರು. ಉದ್ದವನ್ನು ಮಿಲಿಮೀಟರ್‌ನಲ್ಲಿ ಹಾಕಿದರೆ ಗರ್ಭದ ವಯಸ್ಸು ವಾರಗಳಲ್ಲಿ ಬರುತ್ತದೆ. ನಮಗೆ ಬೇಕಾದ ನಾಲ್ಕು ಇವು:

```
ಫೀಮರ್    : ವಾರ = 0.3303 × ಉದ್ದ + 13.5583   (± 2.08)
ಟಿಬಿಯಾ   : ವಾರ = 0.4207 × ಉದ್ದ + 11.4724   (± 2.12)
ಹ್ಯೂಮರಸ್ : ವಾರ = 0.4585 × ಉದ್ದ + 8.6563    (± 2.33)
ಅಲ್ನಾ     : ವಾರ = 0.5072 × ಉದ್ದ + 7.8208    (± 2.20)
```

ನಮ್ಮ ಎಡ ಫೀಮರ್ 73.0. ಅದನ್ನು 0.3303ರಿಂದ ಗುಣಿಸಿದರೆ 24.11. ಅದಕ್ಕೆ 13.56 ಕೂಡಿಸಿದರೆ 37.7 ವಾರ. ಟಿಬಿಯಾ 63.5 ಮಿ.ಮೀ. ಇತ್ತು, ಅದರಿಂದ 38.2 ವಾರ. ಹ್ಯೂಮರಸ್ 63.0, ಅದರಿಂದ 37.5. ಅಲ್ನಾ 58.5, ಅದರಿಂದಲೂ 37.5. ನಾಲ್ಕೂ ಒಂದೇ ಕಡೆ ಕೈ ತೋರಿಸಿದವು. ಒಂದು ಎಲುಬು ಮಾತ್ರ ಮೂರು ನಾಲ್ಕು ವಾರ ದೂರ ಹೋಗಿದ್ದರೆ ಮೂರು ಸಾಧ್ಯತೆ: ಎಲುಬು ಗುರುತಿಸಿದ್ದು ತಪ್ಪು, ತುದಿ ಸವೆದಿದೆ, ಇಲ್ಲವೇ ಅದು ಬೇರೆ ಕೂಸಿನದು.

ಸೂತ್ರದಲ್ಲಿ ಗುಣಿಸುವ ಅಂಕಿಯನ್ನು ಗಮನಿಸಿ. ಫೀಮರ್‌ನಲ್ಲಿ 1 ಮಿ.ಮೀ. ತಪ್ಪಿದರೆ 0.33 ವಾರ, ಅಂದರೆ ಎರಡು ದಿನ ಚಿಲ್ಲರೆ ತಪ್ಪುತ್ತದೆ. ಅಲ್ನಾದಲ್ಲಿ ಅದೇ 1 ಮಿ.ಮೀ.ಗೆ ಮೂರೂವರೆ ದಿನ. ಎಲುಬು ಸಣ್ಣದಾದಷ್ಟೂ ಅಳತೆಯ ತಪ್ಪು ದೊಡ್ಡದಾಗುತ್ತದೆ. ಅದಕ್ಕೇ ಫೀಮರ್ ಸರಿಯಾಗಿದ್ದರೆ ಅದನ್ನೇ ಮುಂದಿಟ್ಟುಕೊಂಡು, ಉಳಿದವನ್ನು ಸಾಕ್ಷಿಗೆ ಇಟ್ಟುಕೊಳ್ಳುವುದು ನನ್ನ ಪದ್ಧತಿ. ಮುರಿದ ಬಲ ಫೀಮರ್ ಹಾಕಿ ನೋಡಿದರೆ 36.8 ವಾರ ಬರುತ್ತದೆ. ಜೆಸಿಬಿಯ ಒಂದು ಏಟಿಗೆ ಆರು ದಿನ ಹೋಯಿತು ನೋಡಿ.

ಆ ಕೂಡು-ಕಳೆ ಅಂಕಿ

ಇಲ್ಲಿ ನಿಧಾನ ಮಾಡಿ, ಏಕೆಂದರೆ ವರದಿಗಳಲ್ಲಿ ನಾನು ನೋಡಿದ ತಪ್ಪುಗಳಲ್ಲಿ ಇದೇ ಜಾಸ್ತಿ. ಫೀಮರ್ ಸೂತ್ರದ ಪಕ್ಕದ 2.08 ನೋಡಿ ಎಷ್ಟೋ ಜನ "35.6ರಿಂದ 39.8 ವಾರ, ಇದರ ಹೊರಗೆ ಇರಲಾರದು" ಅಂತ ಬರೆದುಬಿಡುತ್ತಾರೆ. ಅದು ಹಾಗಲ್ಲ. ಅದು ಒಂದು ಪ್ರಮಾಣಿತ ದೋಷ. ಮೂರು ಕೂಸುಗಳಲ್ಲಿ ಸುಮಾರು ಎರಡರ ನಿಜವಾದ ವಯಸ್ಸು ಮಾತ್ರ ಆ ಮಿತಿಯೊಳಗೆ ಬೀಳುತ್ತದೆ. ಮೂರನೆಯದು ಹೊರಗೆ. ನೂರಕ್ಕೆ 95 ಕೂಸುಗಳು ಒಳಗೆ ಬರಬೇಕು ಅಂದರೆ ಅದನ್ನು ಎರಡರಷ್ಟು ಮಾಡಬೇಕು, 4.16. ಆಗ ನಮ್ಮ ಕೂಸಿನ ಮಿತಿ 33.5ರಿಂದ 41.8 ವಾರ.

ಎಂಟು ವಾರದ ಅಗಲ! ಕೇಳಿದವರಿಗೆ ಬೇಸರ ಆಗುತ್ತದೆ. ಆದರೆ ಎಲುಬು ಹೇಳುವುದೇ ಅಷ್ಟು. ನಾಲ್ಕು ಎಲುಬು ಅಳೆದಿದ್ದೇವೆ, ಆದ್ದರಿಂದ ಮಿತಿಯನ್ನು ಕಡಿಮೆ ಮಾಡಬಹುದು ಅಂತ ಕೆಲವರು ವಾದಿಸುತ್ತಾರೆ. ಅದೂ ತಪ್ಪು. ಆ ನಾಲ್ಕು ಎಲುಬು ಒಂದೇ ಕೂಸಿನವು. ಕೂಸು ಗಿಡ್ಡ ಇದ್ದರೆ ನಾಲ್ಕೂ ಗಿಡ್ಡ. ಒಬ್ಬನೇ ಸಾಕ್ಷಿಯನ್ನು ನಾಲ್ಕು ಸಲ ಕೇಳಿದರೆ ನಾಲ್ಕು ಸಾಕ್ಷಿ ಆಗುವುದಿಲ್ಲ.

ಇನ್ನೊಂದು ಪಟ್ಟಿ ಬೇರೆ ಉತ್ತರ ಕೊಟ್ಟರೆ

1978ರಲ್ಲಿ ಹಂಗೇರಿಯ ಫಾಜೆಕಾಶ್ ಮತ್ತು ಕೋಶಾ ಒಣ ಎಲುಬುಗಳನ್ನು ನೇರವಾಗಿ ಅಳೆದು ಪಟ್ಟಿ ಮಾಡಿದ್ದರು. ಅದರಲ್ಲಿ ಫೀಮರ್ 38 ವಾರಕ್ಕೆ 69.0, 40 ವಾರಕ್ಕೆ 74.3 ಮಿ.ಮೀ. ನಮ್ಮ 73.0 ಇವೆರಡರ ನಡುವೆ ಬೀಳುತ್ತದೆ, ಸುಮಾರು 39.5 ವಾರ. ಸೂತ್ರ 37.7 ಅಂದಿತ್ತು. ಯಾವುದು ಸರಿ?

ವ್ಯತ್ಯಾಸಕ್ಕೆ ಕಾರಣ ಗೊತ್ತಿದ್ದರೆ ಗಾಬರಿ ಬೇಡ. ಹಂಗೇರಿಯ ಪಟ್ಟಿಯಲ್ಲಿ ವಯಸ್ಸುಗಳು ತಾಯಂದಿರ ದಾಖಲೆಯಿಂದ ಬಂದವಲ್ಲ. ಕೂಸಿನ ತಲೆಯಿಂದ ಹಿಮ್ಮಡಿಯವರೆಗಿನ ಉದ್ದದಿಂದ ಲೆಕ್ಕ ಹಾಕಿದವು. ನಮ್ಮ ಎಂಬಿಬಿಎಸ್ ಹುಡುಗರು ಹಾಸೆ ನಿಯಮ ಅಂತ ಕಲಿಯುವುದು ಇದನ್ನೇ: ಐದು ತಿಂಗಳ ಮೇಲೆ ಉದ್ದವನ್ನು ಸೆಂಟಿಮೀಟರ್‌ನಲ್ಲಿ ಅಳೆದು ಐದರಿಂದ ಭಾಗಿಸಿದರೆ ತಿಂಗಳು. ಈ ತಿಂಗಳು 28 ದಿನದ್ದು, ಹತ್ತು ತಿಂಗಳಿಗೆ 40 ವಾರ. ಮನೆಯಲ್ಲಿ ನಾವು ಹೇಳುವ "ಒಂಬತ್ತು ತಿಂಗಳು ತುಂಬಿತು" ಅನ್ನುವ ಲೆಕ್ಕದ ತಿಂಗಳಲ್ಲ. ಇವೆರಡನ್ನು ಬೆರೆಸಿದರೆ ಒಂದು ತಿಂಗಳೇ ಆಚೀಚೆ ಆಗುತ್ತದೆ. ವರದಿಯಲ್ಲಿ ತಿಂಗಳು ಬರೆಯದೆ ವಾರ ಬರೆಯುವುದೇ ಕ್ಷೇಮ, ಅದೂ ಕೊನೆಯ ಮುಟ್ಟಿನಿಂದ ಎಣಿಸಿದ ವಾರ.

ಎರಡನೇ ಕಾರಣ, ಸೂತ್ರ ಎಕ್ಸ್‌ರೇಯಿಂದ ಬಂದದ್ದು, ನಮ್ಮ ಎಲುಬು ಒಣಗಿದ್ದು. ಕೂಸಿನ ಎಲುಬು ಒಣಗುವಾಗ ಸ್ವಲ್ಪ ಕುಗ್ಗುತ್ತದೆ, ಭ್ರೂಣ ಸಣ್ಣದಿದ್ದಷ್ಟೂ ಕುಗ್ಗುವುದು ಜಾಸ್ತಿ. ನಮ್ಮದು ಶೇ 2ರಷ್ಟು ಕುಗ್ಗಿದೆ ಅಂತ ಹಿಡಿಯೋಣ. ಆಗ ಹಸಿ ಉದ್ದ 74.5 ಆಗುತ್ತದೆ, ಸೂತ್ರದಲ್ಲಿ 38.2 ವಾರ ಬರುತ್ತದೆ. ಅರ್ಧ ವಾರದ ವ್ಯತ್ಯಾಸ. ನಾಲ್ಕು ವಾರದ ಮಿತಿಯ ಮುಂದೆ ಅದು ದೊಡ್ಡದಲ್ಲ. ಹಾಗಾಗಿ ನಾನು ಸರಿಪಡಿಸಿದ ಅಂಕಿ ಹಾಕುವುದಿಲ್ಲ, "ಒಣ ಎಲುಬು, ಕುಗ್ಗಿದ್ದಕ್ಕೆ ಸರಿಪಡಿಸಿಲ್ಲ" ಅಂತ ಒಂದು ಸಾಲು ಬರೆಯುತ್ತೇನೆ. ಸುಟ್ಟ ಎಲುಬಾದರೆ ಮಾತು ಬೇರೆ. ಬೂದಿಯಂತೆ ಬೆಳ್ಳಗಾಗುವವರೆಗೆ ಸುಟ್ಟಿದ್ದರೆ ತುಂಬಾ ಕುಗ್ಗಿರುತ್ತದೆ, ಸೂತ್ರವನ್ನು ನೇರವಾಗಿ ಹಾಕಲೇಬೇಡಿ.

ಮೂರನೆಯದನ್ನು ನಾವು ಮರೆಯಲೇಬಾರದು. ಈ ಪಟ್ಟಿಗಳೆಲ್ಲ ಯುರೋಪಿನ ಕೂಸುಗಳವು. ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಕೂಸುಗಳು ನಮ್ಮ ವಾರ್ಡುಗಳಲ್ಲಿ ದಿನಾ ಹುಟ್ಟುತ್ತವೆ. ಅವುಗಳಲ್ಲಿ ಎಷ್ಟೋ ದಿನ ತುಂಬಿ ಹುಟ್ಟಿದವೇ, ಗರ್ಭದಲ್ಲಿ ಬೆಳವಣಿಗೆ ಕುಂಠಿತವಾಗಿ ಸಣ್ಣಗಿದ್ದವು. ಅಂಥ ಕೂಸಿನ ಎಲುಬು ಸೂತ್ರಕ್ಕೆ ಹಾಕಿದರೆ ವಯಸ್ಸು ಕಡಿಮೆ ಬರುತ್ತದೆ. ತಪ್ಪು ಹೆಚ್ಚಾಗಿ ಒಂದೇ ದಿಕ್ಕಿಗೆ ಹೋಗುತ್ತದೆ. ಆದ್ದರಿಂದ ನಮ್ಮ ಜಿಲ್ಲೆಗಳಲ್ಲಿ ಮಿತಿಯ ಮೇಲಿನ ತುದಿಯನ್ನು ಯಾವತ್ತೂ ಕತ್ತರಿಸಬೇಡಿ.

ಸೂತ್ರ ಎಲ್ಲಿ ಮೋಸ ಮಾಡುತ್ತದೆ

ಈ ಸೂತ್ರಗಳು ಗರ್ಭದ ಕೊನೆಯ ಭಾಗಕ್ಕೆ ಮಾಡಿದವು. ಸಣ್ಣ ಭ್ರೂಣಕ್ಕೆ ಹಾಕಿದರೆ ವಯಸ್ಸು ಜಾಸ್ತಿ ತೋರಿಸುತ್ತವೆ. ಹಂಗೇರಿಯ ಪಟ್ಟಿಯಲ್ಲಿ 20 ವಾರದ ಫೀಮರ್ 32.6 ಮಿ.ಮೀ. ಅದನ್ನೇ ಸೂತ್ರಕ್ಕೆ ಹಾಕಿ ನೋಡಿ, 24.3 ವಾರ ಬರುತ್ತದೆ. ನಾಲ್ಕು ವಾರ ಜಾಸ್ತಿ! ಗರ್ಭಪಾತದ ಕಾನೂನಿಗೆ 2021ರಲ್ಲಿ ಆದ ತಿದ್ದುಪಡಿಯಲ್ಲಿ 20 ಮತ್ತು 24 ವಾರಗಳೇ ಗೆರೆಗಳು. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಕೆಲವು ವರ್ಗದ ಹೆಣ್ಣುಮಕ್ಕಳಿಗೆ 24ರವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. 20 ವಾರದ ಭ್ರೂಣವನ್ನು ತಪ್ಪು ಸೂತ್ರದಿಂದ 24 ದಾಟಿಸಿದರೆ ಏನಾಗುತ್ತದೆ ಯೋಚಿಸಿ. 2022ರ ಜೂನ್‌ನಲ್ಲಿ ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ ಡಬ್ಬಿಗಳಲ್ಲಿ ಏಳು ಭ್ರೂಣಗಳು ಸಿಕ್ಕಿದ್ದು ನೆನಪಿರಬಹುದು. ಅಂಥ ಕಡೆ ಕೈಗೆ ಬರುವುದು ಈ ಗಾತ್ರದ ಎಲುಬುಗಳೇ. ಫೀಮರ್ 47 ಮಿ.ಮೀ.ಗಿಂತ ಚಿಕ್ಕದಿದ್ದರೆ, ಅಂದರೆ ಪಟ್ಟಿಯಲ್ಲಿ 28 ವಾರಕ್ಕಿಂತ ಕೆಳಗಿದ್ದರೆ, ಮೇಲಿನ ಸೂತ್ರ ಬಿಟ್ಟು ಆ ವಯಸ್ಸಿಗೆ ಮಾಡಿದ ಪಟ್ಟಿಯನ್ನೇ ನೋಡಿ.

ಮೇಲಿನ ತುದಿಯಲ್ಲೂ ಗೆರೆ ಇದೆ. ಫೀಮರ್ 80 ದಾಟಿತು ಅಂದರೆ ಕೂಸು ಹುಟ್ಟಿ ಕೆಲವು ವಾರ ಬದುಕಿದ್ದಿರಬೇಕು ಅನ್ನುವ ಕಡೆ ಯೋಚನೆ ಹೋಗುತ್ತದೆ. ಆಗ ಅಮೆರಿಕದ ಡೆನ್ವರ್‌ನಲ್ಲಿ ಮಾರೇಶ್ ಮಾಡಿದ 1970ರ ಪಟ್ಟಿ ಬಳಸಿ. ಅದರಲ್ಲಿ ಫೀಮರ್ ಒಂದೂವರೆ ತಿಂಗಳಿಗೆ 86-87 ಮಿ.ಮೀ., ಮೂರು ತಿಂಗಳಿಗೆ ಸುಮಾರು 101, ಆರು ತಿಂಗಳಿಗೆ 111-112, ಒಂದು ವರ್ಷಕ್ಕೆ 135-137. ಅವು ಎಕ್ಸ್‌ರೇ ಅಳತೆಗಳು. ಎಕ್ಸ್‌ರೇಯಲ್ಲಿ ಎಲುಬು ನಿಜಕ್ಕಿಂತ ಸ್ವಲ್ಪ ದೊಡ್ಡದಾಗಿ ಬೀಳುತ್ತದೆ. ಅದೂ ಅಲ್ಲದೆ ಅವು ಚೆನ್ನಾಗಿ ಉಂಡು ಬೆಳೆದ ಕೂಸುಗಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ನಮ್ಮ ಆರು ತಿಂಗಳ ಕೂಸು ಆ ಪಟ್ಟಿಯಲ್ಲಿ ನಾಲ್ಕು ಐದು ತಿಂಗಳದಾಗಿ ಕಂಡರೆ ಆಶ್ಚರ್ಯ ಇಲ್ಲ. ಹುಟ್ಟಿದ ಮೇಲೆ ತಿಂಗಳು ಹೆಚ್ಚಿದಷ್ಟೂ ಎಲುಬಿಗಿಂತ ಹಲ್ಲನ್ನು ನಂಬಿ. ಹೊಟ್ಟೆಗೆ ಕಡಿಮೆಯಾದರೆ ಎಲುಬಿನ ಬೆಳವಣಿಗೆ ಬೇಗ ಹಿಂದೆ ಬೀಳುತ್ತದೆ, ಹಲ್ಲಿನ ಬೆಳವಣಿಗೆ ಅಷ್ಟು ಬೇಗ ಹಿಂದುಳಿಯುವುದಿಲ್ಲ.

ಜರಡಿಯಲ್ಲಿ ಸಿಕ್ಕ ಜೋಳದ ಕಾಳು

ಈಗ ಜರಡಿಗೆ ಬರೋಣ. ಫೀಮರ್‌ನ ಕೆಳ ತುದಿಯ ಮೆದು ಎಲುಬಿನೊಳಗೆ, ದಿನ ತುಂಬುವ ಹೊತ್ತಿಗೆ, ಅಂದರೆ 36 ವಾರದ ಮೇಲೆ, ಒಂದು ಸಣ್ಣ ಗಟ್ಟಿ ಎಲುಬಿನ ಉಂಡೆ ಹುಟ್ಟುತ್ತದೆ. ಹಸಿ ಶವದಲ್ಲಾದರೆ ಮೊಣಕಾಲು ಸೀಳಿದಾಗ ಬಿಳಿ ಮೆದು ಎಲುಬಿನ ನಡುವೆ ಕೆಂಪು ಚುಕ್ಕೆಯಾಗಿ ಕಾಣುತ್ತದೆ. ಮಣ್ಣಲ್ಲಿ ಅದು ಬಿಡಿಯಾಗಿ ಬಿದ್ದಿರುತ್ತದೆ, ಹೆಚ್ಚೂಕಡಿಮೆ ಜೋಳದ ಕಾಳಿನಷ್ಟು.

ನಮ್ಮ ಜರಡಿಯಲ್ಲಿ ಅಂಥ ಒಂಬತ್ತು ಕಾಳು ಸಿಕ್ಕವು. ಖುಷಿ ಪಡುವ ಹಾಗಿರಲಿಲ್ಲ. ಎರಿ ಮಣ್ಣಿನಲ್ಲಿ ಸುಣ್ಣದ ಹರಳು ತುಂಬಾ ಇರುತ್ತವೆ, ಅದೇ ಗಾತ್ರ, ಅದೇ ಮಾಸಲು ಬಿಳಿ. ಕೈಯಲ್ಲಿ ಹಿಡಿದರೆ ಬೇರೆ ಮಾಡಲು ಬರುವುದಿಲ್ಲ. ಆಸಿಡ್ ಹನಿ ಹಾಕಿ ನೋಡೋಣ ಅನ್ನುವವರಿದ್ದಾರೆ, ಬೇಡ. ಅದು ಪುರಾವೆ, ಎಲುಬಾಗಿದ್ದರೆ ಹಾಳಾಗುತ್ತದೆ. ಮೊದಲು ಕೈ ಲೆನ್ಸ್‌ನಲ್ಲಿ ನೋಡಿ. ಎಲುಬಿನ ಮೈ ಸ್ಪಂಜಿನ ಹಾಗೆ ಒಂದೇ ಸಮ ತೂತುತೂತು, ಹರಳಿನ ಮೈ ಗಂಟುಗಂಟು. ಆಮೇಲೆ ಎಲ್ಲವನ್ನೂ ಒಂದು ಕಾಗದದ ಮೇಲೆ ನಂಬರ್ ಹಾಕಿ ಇಟ್ಟು ಎಕ್ಸ್‌ರೇ ತೆಗೆಸಿ. ಎಲುಬಿನಲ್ಲಿ ನವಿರಾದ ಬಲೆ ಕಾಣುತ್ತದೆ, ಹರಳು ಒಳಗೆಲ್ಲ ಒಂದೇ ಬೆಳ್ಳಗೆ. ಒಂಬತ್ತರಲ್ಲಿ ಎಲುಬು ಮೂರೇ. ಅವುಗಳಲ್ಲಿ ಸ್ವಲ್ಪ ದೊಡ್ಡವು ಎರಡು, ಒಂದು ಹಿಮ್ಮಡಿಯ ಎಲುಬು, ಇನ್ನೊಂದು ಅದರ ಮೇಲಿನ ಎಲುಬು. ಅವು ಎಷ್ಟೋ ಮೊದಲೇ ಗಟ್ಟಿಯಾಗುವುದರಿಂದ ಇಲ್ಲಿ ಹೊಸದೇನೂ ಹೇಳುವುದಿಲ್ಲ. ಮೂರನೆಯದು ಫೀಮರ್‌ನ ಕೆಳ ತುದಿಯದ್ದು.

ಈ ಒಂದು ಕಾಳು ನಮ್ಮ ಮಿತಿಯ ಕೆಳಭಾಗಕ್ಕೆ ಬೇಲಿ ಹಾಕಿತು. 33 ವಾರದ ಕೂಸಿನಲ್ಲಿ ಇದು ಇರುವ ಸಾಧ್ಯತೆ ಬಹಳ ಕಡಿಮೆ. ಆದರೆ ಸಿಗದಿದ್ದರೆ ಏನೂ ಹೇಳಬೇಡಿ. ಸಿಗದಿರಲು ಜರಡಿ, ಇರುವೆ, ನೀರು ಎಲ್ಲವೂ ಕಾರಣ ಆಗಬಹುದು.

ವರದಿಯಲ್ಲಿ ಏನು ಬರೆಯಬೇಕು

ನಾನು ಬರೆದದ್ದು ಹೀಗೆ: "ಎಡ ಫೀಮರ್‌ನ ಡಯಾಫಿಸಿಸ್ ಉದ್ದ 73.0 ಮಿ.ಮೀ., ಒಣ ಎಲುಬು, ಕುಗ್ಗಿದ್ದಕ್ಕೆ ಸರಿಪಡಿಸಿಲ್ಲ. ಗರ್ಭಾವಧಿಯ ಅಂದಾಜು ಸುಮಾರು 38 ವಾರ. ಶೇ 95ರ ಮಿತಿ 33.5ರಿಂದ 42 ವಾರ. ಟಿಬಿಯಾ, ಹ್ಯೂಮರಸ್, ಅಲ್ನಾ ಅಳತೆಗಳು ಇದಕ್ಕೆ ಹೊಂದುತ್ತವೆ. ಫೀಮರ್ ಕೆಳತುದಿಯ ಎಲುಬು ಕೇಂದ್ರ ಇರುವುದರಿಂದ 36 ವಾರ ಅಥವಾ ಹೆಚ್ಚಿರುವ ಸಾಧ್ಯತೆ ಜಾಸ್ತಿ. ಬಳಸಿದ ಸೂತ್ರ ಯುರೋಪಿನ ಮಾದರಿಯದು. ಬೆಳವಣಿಗೆ ಕುಂಠಿತವಾದ ಕೂಸಾಗಿದ್ದರೆ ನಿಜವಾದ ವಯಸ್ಸು ಇದಕ್ಕಿಂತ ಹೆಚ್ಚಿರಬಹುದು." ಜೊತೆಗೆ ಎಲ್ಲ ಅಳತೆಗಳ ಪಟ್ಟಿ, ಸ್ಕೇಲ್ ಇಟ್ಟು ತೆಗೆದ ಫೋಟೊ, ಎಕ್ಸ್‌ರೇ.

ಪಿಎಸ್‌ಐ ವರದಿ ಓದಿ ಫೋನ್ ಮಾಡಿದರು. "ಅದೆಲ್ಲಾ ಸರಿ ಸರ್. ಕೂಸು ಜೀವಂತ ಹುಟ್ಟಿತ್ತೋ ಇಲ್ಲೋ, ಹುಟ್ಟಿ ಎಷ್ಟ್ ದಿನ ಬದುಕಿತ್ತು, ಅದು ಬೇಕ್ರಿ ನಮಗ." ಅವರ ಕಷ್ಟ ನನಗೆ ಅರ್ಥ ಆಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 94, ಹಳೇ ಐಪಿಸಿಯ 318, ಜನನ ಮುಚ್ಚಿಡಲು ಶವವನ್ನು ಗುಟ್ಟಾಗಿ ಹೂಳುವ ಬಗ್ಗೆ. ಅದಕ್ಕೆ ಕೂಸು ಹುಟ್ಟುವ ಮೊದಲು ಸತ್ತಿತೋ ನಂತರವೋ ಎಂಬುದು ಮುಖ್ಯವಲ್ಲ. ಕೊಲೆ ಅನ್ನಬೇಕಾದರೆ ಜೀವಂತ ಹುಟ್ಟಿತ್ತು ಅಂತ ಸಾಬೀತಾಗಬೇಕು. ಶಿಕ್ಷೆಯ ಅಂತರ ಭೂಮಿ ಆಕಾಶ. ಆದರೆ ಎಲುಬಿನ ಉದ್ದ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. 40 ವಾರಕ್ಕೆ ಗರ್ಭದಲ್ಲೇ ಸತ್ತ ಕೂಸಿಗೂ, 36 ವಾರಕ್ಕೆ ಹುಟ್ಟಿ ನಾಲ್ಕು ವಾರ ಬದುಕಿದ ಕೂಸಿಗೂ ಒಂದೇ ಉದ್ದದ ಫೀಮರ್ ಇರಬಹುದು. "ಇಲ್ಲ ಸರ್, ಇದರಿಂದ ಹೇಳಕ್ಕಾಗಲ್ಲ" ಅಂದೆ. "ಅಂದಾಜರ ಹೇಳ್ರಿ" ಅಂದರು. ಅಂದಾಜೂ ಹೇಳಲಿಲ್ಲ.

ಹೇಳಬಹುದಾದದ್ದು ಜರಡಿಯ ಎರಡನೇ ವಸ್ತು. 1 ಮಿ.ಮೀ. ಜರಡಿಯಲ್ಲಿ, ಕೆಳ ದವಡೆಯ ತುಂಡಿನ ಪಕ್ಕದಲ್ಲಿ, ಅಕ್ಕಿ ಹೊಟ್ಟಿನಂಥ ತೆಳು ಟೊಪ್ಪಿಗೆಗಳು ಸಿಕ್ಕಿದ್ದವು. ಅವು ಹಾಲುಹಲ್ಲಿನ ಮೊಳಕೆ. ಹುಟ್ಟುವ ಹೊತ್ತಿನ ಆಘಾತಕ್ಕೆ ಹಲ್ಲಿನ ಎನಾಮಲ್‌ನಲ್ಲಿ ಒಂದು ಗೆರೆ ಬೀಳುತ್ತದೆ, ಜನನ ಗೆರೆ. ಕೂಸು ಒಂದು ವಾರ ಹತ್ತು ದಿನ ಬದುಕಿ, ಆ ಗೆರೆಯ ಮೇಲೆ ಹೊಸ ಎನಾಮಲ್ ಕೂತಿದ್ದರೆ ಮಾತ್ರ ಅದು ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ. ಕಂಡರೆ ಬದುಕಿತ್ತು. ಕಾಣದಿದ್ದರೆ ಸತ್ತು ಹುಟ್ಟಿತ್ತು ಅಂತಲ್ಲ, ಎರಡು ದಿನ ಬದುಕಿದ ಕೂಸಿನಲ್ಲೂ ಕಾಣುವುದಿಲ್ಲ. ಇದನ್ನು ಪಿಎಸ್‌ಐಗೆ ನಿಧಾನವಾಗಿ ಹೇಳಿ, ಹಲ್ಲಿನ ಮೊಳಕೆಗಳನ್ನು ಹತ್ತಿಯಲ್ಲಿಟ್ಟು, ಎಲುಬುಗಳಿಂದ ಬೇರೆ ಡಬ್ಬಿಯಲ್ಲಿ ಸೀಲ್ ಮಾಡಿ, ಹಲ್ಲಿನ ತೆಳು ಸೀಳು ಮಾಡಿ ನೋಡಬಲ್ಲವರಿಗೆ ಕಳಿಸಲು ಪತ್ರ ಬರೆದೆ. ಪತ್ರದಲ್ಲಿ ಫೀಮರ್‌ನಿಂದ ಬಂದ 38 ವಾರದ ಅಂಕಿಯನ್ನು ಬರೆಯಲಿಲ್ಲ. ಅವರೂ ಅದು ಗೊತ್ತಿಲ್ಲದೆಯೇ ನೋಡಲಿ.